ಮಗಳು ಕಲಿಸಿಕೊಟ್ಟ ಉತ್ತರ

ಆಸ್ಪತ್ರೆಯ ನೇಮಕಾತಿ ಕೋಣೆಗೆ ಚೀಟಿಯಮ್ಮನನ್ನು ಎರಡನೇ ಸಲ ಕರೆದಾಗ ಮಧ್ಯಾಹ್ನ ಮೂರು ದಾಟಿತ್ತು. ಬೆಳಗ್ಗೆ ಸಂದರ್ಶನ ಮುಗಿಸಿದ್ದವಳು ಊಟಕ್ಕೂ ಏಳದೆ ಅದೇ ಬೆಂಚಿನ ಮೇಲೆ ಕೂತಿದ್ದಳು. ಎದ್ದು ಹೋದರೆ ಕೆಲಸವೂ ಎದ್ದು ಹೋದೀತು ಎಂಬ ಭಯ!

ಚೀಟಿಯಮ್ಮ ಅವಳ ಹೆಸರಲ್ಲ. ಹತ್ತೊಂಬತ್ತು ವರ್ಷ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಚೀಟಿ ಕಾಯ್ದವಳು. ಹೆಸರು ಹೇಳುವುದರೊಳಗೆ ಹಳೆಯ ಚೀಟಿ ಎಳೆದು ಕೊಡುತ್ತಿದ್ದಳು. ಡಾಕ್ಟರು ಮುದುಕರಾಗಿ ಕ್ಲಿನಿಕ್ ಮುಚ್ಚಿದರು, ಇವಳು ಮಗಳ ಅತ್ತೆಮನೆಗೆ ಬಂದು ಬಿದ್ದಳು. ಆರು ತಿಂಗಳಾಯಿತು. ಬೀಗಿತ್ತಿ ಒಳ್ಳೆಯವಳೇ, ಆದರೆ ದಿನಕ್ಕೊಂದು ಸಲ "ಏನಾದ್ರೂ ಸಿಕ್ತಾ ಬೀಗ್ರೇ?" ಎಂದು ಜೇನು ಸುರಿಸಿ ಕೇಳುತ್ತಾಳೆ. ಆ ಜೇನನ್ನು ನುಂಗುವ ಕಷ್ಟ ನುಂಗಿದವರಿಗೇ ಗೊತ್ತು. ಎರಡು ಬೀದಿ ಆಚೆ ಚೀಟಿಯಮ್ಮ ತನಗೊಂದು ಒಂಟಿ ಕೋಣೆ ನೋಡಿಟ್ಟಿದ್ದಾಳೆ. ಕೆಲಸ ಸಿಕ್ಕಿದರೆ ಬಾ, ಶನಿವಾರದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದಾಳೆ ಮನೆಯೊಡತಿ. ಇವತ್ತು ಗುರುವಾರ.

ನೇಮಕಾತಿಯ ಹುಡುಗಿಗೆ ಮಗಳಷ್ಟೇ ವಯಸ್ಸು. "ಬೇಜಾರು ಮಾಡ್ಕೋಬೇಡಿ ಅಮ್ಮ. ಸ್ವಾಗತದ ಕೌಂಟರಿಗೆ ಇನ್ನೊಬ್ಬರನ್ನ ತಗೊಂಡಿದ್ದಾರೆ. ಅವರಿಗೆ ಕಂಪ್ಯೂಟರಲ್ಲಿ ವಿಮೆ ಕೆಲಸ ಮಾಡಿ ಅಭ್ಯಾಸ ಇದೆ" ಎಂದಳು.

ಚೀಟಿಯಮ್ಮ ಏಳಲಿಲ್ಲ. ಬೆಂಚಿನ ಎದುರಿನ ಬೋರ್ಡನ್ನು ಬೆಳಗ್ಗೆಯಿಂದ ಓದಿ ಓದಿ ಬಾಯಿಪಾಠವಾಗಿತ್ತು.

"ಮೇಡಂ, ರೆಕಾರ್ಡ್ ರೂಮಿಗೂ ಒಬ್ರು ಬೇಕು ಅಂತ ಹಾಕಿದ್ದೀರಲ್ಲ? ಅದಕ್ಕೆ ನನ್ನನ್ನ ನೋಡ್ತೀರಾ?"

ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಒಂದು ಬಾಗಿಲು ಮುಖಕ್ಕೆ ಮುಚ್ಚಿದ ಕ್ಷಣವೇ ಪಕ್ಕದ್ದನ್ನು ಬಡಿಯುವುದೆಂದರೆ! ಆದರೆ ಹುಡುಗಿಯ ಮುಖ ಅರಳಿತು. "ನೋಡಬಹುದಲ್ಲ! ಹೊಸ ಅರ್ಜಿ ಏನೂ ಬೇಡ, ಇದನ್ನೇ ಅಲ್ಲಿಗೆ ಕಳಿಸ್ತೀನಿ. ತಗೊಳ್ಳೋದು ಬಿಡೋದು ಮಾತ್ರ ಅಲ್ಲಿನ ಇನ್‌ಚಾರ್ಜ್ ಕೈಲಿರುತ್ತೆ. ಇರಿ, ಅವರನ್ನೇ ಕರೀತೀನಿ."

ನೆಲಮಾಳಿಗೆಯಿಂದ ಇನ್‌ಚಾರ್ಜ್ ಬಂದರು. ತೋಳಿಗೆ ಧೂಳು, ಕಂಕುಳಲ್ಲಿ ಏಳೆಂಟು ಹಳೆಯ ಫೈಲು. ಫೈಲುಗಳನ್ನು ಮೇಜಿನ ಮೇಲೆ ಹಾಕಿ, ಅರ್ಜಿ ಓದುತ್ತಾ "ಹತ್ತೊಂಬತ್ತು ವರ್ಷ! ಇಂಥವರೇ ಬೇಕಿತ್ತು ನಂಗೆ" ಎಂದರು. ಚೀಟಿಯಮ್ಮ ಮನಸ್ಸಿನಲ್ಲೇ ಒಂಟಿ ಕೋಣೆಯ ಕಿಟಕಿಗೆ ಪರದೆ ಹಾಕಿದಳು.

ಅರ್ಜಿಯ ಹಿಂದೆ ಇನ್ನೊಂದು ಹಾಳೆ ಪಿನ್ ಮಾಡಿತ್ತು. ಬೆಳಗಿನ ಸಂದರ್ಶನದ ಟಿಪ್ಪಣಿ. ಅದನ್ನು ಓದಿದವರು ಕನ್ನಡಕ ತೆಗೆದರು.

"ತಾಯಿ, 'ಒಂದು ಮೂಲೇಲಿ ಕೂತು ಫೈಲು ಜೋಡಿಸೋ ಕೆಲಸ ನನಗಾಗಲ್ಲ, ಉಸಿರು ಕಟ್ಟುತ್ತೆ' ಅಂದಿದ್ದೀರಂತೆ?"

ಅಂದಿದ್ದಳು. ಅವಳದೇ ಮಾತು. ನಿನ್ನೆ ಅಡುಗೆಮನೆಯಲ್ಲಿ ಮಗಳು ಹೇಳಿಕೊಟ್ಟಿದ್ದಳು: "ಯಾವ ಕೆಲಸ ಇಷ್ಟವಿಲ್ಲ ಅಂತ ಕೇಳೇ ಕೇಳ್ತಾರಮ್ಮ. ಎಲ್ಲಾದಕ್ಕೂ ಸೈ ಅನ್ನಬೇಡ, ಗತಿಯಿಲ್ಲದವಳು ಅಂದ್ಕೋತಾರೆ. ಜನರ ಮಧ್ಯೆ ಇರೋದೇ ಇಷ್ಟ, ಫೈಲು ಆಗಲ್ಲ ಅನ್ನು." ನಾಲ್ಕು ಸಲ ಒಪ್ಪಿಸಿಕೊಂಡಿದ್ದಳು ಪಾಪ.

"ಅದು... ಆ ಕೆಲಸಕ್ಕೆ ಅಂತ ಹೇಳಿದ್ದು ಸಾರ್. ನಿಜ ಹೇಳ್ಬೇಕಂದ್ರೆ ನನಗೆ ಬರೋದೇ ಇದು."

"ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂದ್ರೆ ನಾನು ಯಾವುದನ್ನ ನಂಬ್ಲಿ ತಾಯಿ? ಹೋದ ಸಲ ತಗೊಂಡ ಇಬ್ಬರೂ ಉಸಿರು ಕಟ್ಟುತ್ತೆ ಅಂತಾನೇ ಎರಡು ತಿಂಗಳಿಗೆ ಬಿಟ್ಟು ಹೋದ್ರು. ಇದನ್ನ ಓದಿದ ಮೇಲೂ ತಗೊಂಡ್ರೆ ಮೇಲಿನವರು ನನ್ನನ್ನ ಕೇಳ್ತಾರೆ."

ಹುಡುಗಿ ತಲೆ ತಗ್ಗಿಸಿದಳು. ಅಕ್ಷರ ಅವಳದೇ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ಅವಳ ಕೆಲಸ. ಯಾರನ್ನು ಬೈಯುವುದು? ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇನ್‌ಚಾರ್ಜ್ ಫೈಲುಗಳನ್ನು ಎತ್ತಲು ಹೋಗಿ ಹಾಗೇ ನಿಂತರು. ಮಾತಿನ ನಡುವೆ ಚೀಟಿಯಮ್ಮನ ಕೈ ತನ್ನ ಪಾಡಿಗೆ ಅವನ್ನು ನಂಬರಿನ ಪ್ರಕಾರ ಜೋಡಿಸಿಟ್ಟಿತ್ತು. ಅವರು ಫೈಲುಗಳನ್ನು ನೋಡಿದರು, ಅವಳನ್ನು ನೋಡಿದರು, ಪಿನ್ ಮಾಡಿದ ಹಾಳೆಯನ್ನು ನೋಡಿದರು. "ಛೆ" ಎಂದಷ್ಟೇ ಹೇಳಿ, ಫೈಲು ಕಂಕುಳಲ್ಲಿಟ್ಟುಕೊಂಡು ಇಳಿದು ಹೋದರು.

ಗೇಟಿನ ಹೊರಗೆ ಫೋನು ಹೊಡೆದುಕೊಂಡಿತು. ಮಗಳು.

"ಏನಾಯ್ತಮ್ಮ?"

"ಕೌಂಟರಿಗೆ ಬೇರೆಯವರನ್ನ ತಗೊಂಡ್ರಂತೆ ಕಣೆ."

"ಅಯ್ಯೋ. ಯಾವುದು ಇಷ್ಟವಿಲ್ಲ ಅಂತ ಕೇಳಿದ್ರಾ? ನಾನು ಹೇಳಿಕೊಟ್ಟ ಹಾಗೇ ಹೇಳಿದೆ ತಾನೆ?"

ಹಿಂದಿನಿಂದ ಬೀಗಿತ್ತಿಯ ದನಿ ಕೇಳಿಸಿತು: "ಸಿಕ್ತಂತಾ?"

ಚೀಟಿಯಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಬಿಟ್ಟಳು.

"ಹೇಳಿದೆ ಮಗಳೇ. ಒಂದಕ್ಷರವೂ ಬಿಡಲಿಲ್ಲ."