ಫ್ಯಾಕ್ಟರಿ ಬಿಟ್ಟ ವರ್ಷದ ಕಾಗದಗಳು

"ಇದನ್ನ ಹೀಗೇ ಕಳಿಸಿಬಿಡು, ಅವರಿಗೆ ಅರ್ಥ ಆಗತ್ತೆ. ಟ್ಯಾಕ್ಸ್ ಸಲಹೆಗಾರರು ಇದಕ್ಕಿಂತ ಕೆಟ್ಟ ಅಕ್ಷರ ನೋಡಿರ್ತಾರೆ," ಅಂತ ಅಕ್ಕ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದಳು.

ಅಕ್ಕ ಅಂದರೆ ಕಿರಿಯವಳ ಓರಗಿತ್ತಿ, ಅವಳ ಗಂಡನ ಅಣ್ಣನ ಹೆಂಡತಿ. ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಬರೆಯುವುದಕ್ಕೆ ಮಾತ್ರ ಕಿರಿಯವಳೇ ಬೇಕು. ಕಿರಿಯವಳು ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಗುಮಾಸ್ತೆ. ಈಮೇಲು ಬರೆದು ಬರೆದು ಕೈ ಪಳಗಿತ್ತು.

ಕತ್ತರಿಸಿ ಉಳಿದ ಕಾಗದದ ತುಂಡಿನ ಮೇಲೆ ಅಕ್ಕನ ಟಿಪ್ಪಣಿ ಹೀಗಿತ್ತು: "ಅಂಗಡಿ ನಂದೇ, ವರ್ಷದ ಕೊನೇ ಅರ್ಧ. ಮೊದಲರ್ಧ ಫ್ಯಾಕ್ಟರಿ, ಸಂಬಳ. ಟ್ಯಾಕ್ಸ್ ಹಿಡೀತಿದ್ರು. ಜಗಳ ಆಗಿ ಬಿಟ್ಟೆ. ಬ್ಯಾಂಕ್ ಎರಡು. ಬಟ್ಟೆ, ದಾರದ ಬಿಲ್ ಸ್ವಲ್ಪ ಇದೆ, ಸ್ವಲ್ಪ ಇಲ್ಲ. ಯಾವ ಯಾವ ಕಾಗದ ಬೇಕು ಕೇಳು. ಬೇಗ."

ಬೇಗ ಅನ್ನುವುದಕ್ಕೆ ಕಾರಣ ಇತ್ತು. ಮೂಲೆಯ ದೊಡ್ಡ ಅಂಗಡಿ ಖಾಲಿಯಾಗಿತ್ತು. ಅಕ್ಕನ ಹೆಸರಲ್ಲೇ ಸಲ್ಲಿಸಿದ ತೆರಿಗೆ ರಿಟರ್ನಿನ ಪ್ರತಿ ಕಂಡರೆ ಅದು ಬಾಡಿಗೆಗೆ ಅವಳಿಗೆ, ಇಲ್ಲವಾದರೆ ತಿಂಗಳ ಕೊನೆಗೆ ಕ್ಷೌರದವನಿಗೆ ಅಂತ ಮಾಲೀಕರು ಖಡಾಖಂಡಿತ ಹೇಳಿದ್ದರು. ಈ ಅಂಗಡಿಯಲ್ಲೋ, ಎರಡನೇ ಗಿರಾಕಿ ಬಂದರೆ ಮೊದಲನೆಯವರು ಹೊರಗೆ ನಿಲ್ಲಬೇಕು.

ಕಿರಿಯವಳು ಬರೆದಳು. "ಮಾನ್ಯರೇ, ನಾನು ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ನನಗೆ ಎರಡು ಬ್ಯಾಂಕ್ ಖಾತೆಗಳಿವೆ. ಖರೀದಿಯ ಕೆಲವು ಬಿಲ್ಲುಗಳು ಸಿಗುತ್ತಿಲ್ಲ. ಕಳೆದ ವರ್ಷದ ರಿಟರ್ನ್ ಸಲ್ಲಿಸಲು ಯಾವ ದಾಖಲೆಗಳು ಬೇಕೆಂದು ದಯವಿಟ್ಟು ತಿಳಿಸಿ. ತಿಂಗಳ ಕೊನೆಯೊಳಗೆ ಸಲ್ಲಿಸಬೇಕಾಗಿದೆ."

ಫ್ಯಾಕ್ಟರಿಯ ಮಾತು ಬಂದಾಗ ಕೈ ತಡೆಯಿತು. ಹೊಸ ಹುಡುಗಿಯೊಬ್ಬಳು ಹೊಲಿದ ಕಾಲರು ಸೊಟ್ಟಗಾಯಿತೆಂದು ಮೇಲ್ವಿಚಾರಕ ಎಲ್ಲರೆದುರು ಅವಳನ್ನು ಹೀಯಾಳಿಸಿದಾಗ, ಅಕ್ಕ ಕತ್ತರಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಎದ್ದು ಬಂದಿದ್ದಳು. ಮನೆಯಲ್ಲಿ ಅದರ ಸುದ್ದಿ ಎತ್ತುವಂತಿರಲಿಲ್ಲ. ನೆಂಟರು ಕೇಳಿದರೆ "ಬೆನ್ನು ನೋವು, ಬಿಟ್ಟಳು" ಅಂತಲೇ ಎಲ್ಲರ ಬಾಯಲ್ಲೂ. ಹಾಗಿರುವಾಗ ಗುರುತಿಲ್ಲದವರಿಗೆ ಅದೆಲ್ಲ ಯಾಕೆ? ಕಿರಿಯವಳು ಈಮೇಲಿನಲ್ಲಿ ಜಗಳದ ಮಾತು ಬಿಟ್ಟಳು, ಜತೆಗೆ ಫ್ಯಾಕ್ಟರಿಯ ಸಂಬಳದ ಮಾತನ್ನೂ ಬಿಟ್ಟಳು. ಮರ್ಯಾದೆ ಉಳಿಸಿದೆ ಅಂದುಕೊಂಡು ಕಳಿಸಿದಳು.

ಮರುದಿನ ಉತ್ತರ ಬಂತು. ಕಿರಿಯವಳು ಓದಿ ಹೇಳಿದಳು: ಗುರುತಿನ ಚೀಟಿ, ತೆರಿಗೆ ಸಂಖ್ಯೆ, ಎರಡೂ ಖಾತೆಗಳ ಇಡೀ ವರ್ಷದ ಸ್ಟೇಟ್‌ಮೆಂಟು, ಅಂಗಡಿ ಬಾಡಿಗೆಯ ರಸೀತಿ, ವಿದ್ಯುತ್ ಬಿಲ್ಲು, ಬಂದ ಹಣದ ಲೆಕ್ಕ, ಸಿಕ್ಕಷ್ಟು ಖರೀದಿ ಬಿಲ್ಲು. ಕಳೆದುಹೋದವಕ್ಕೆ ಅಂಗಡಿಯವರಿಂದ ನಕಲು ಕೇಳಬಹುದು.

"ಆಯ್ತಾ? ಫ್ಯಾಕ್ಟರಿ ಕಾಗದ ಕೇಳೇ ಇಲ್ವಲ್ಲ," ಅಂದಳು ಅಕ್ಕ. ಮೆಷಿನ್ನಿನ ಪೆಡಲು ತುಳಿಯುತ್ತಿದ್ದ ಕಾಲು ನಿಂತಿತು. "ಸಂಬಳದಲ್ಲಿ ಹಿಡೀತಿದ್ರಲ್ಲ, ಅದಕ್ಕೇನು ಮಾಡ್ಬೇಕಂತೆ?"

"ಅದನ್ನ ನಾನು ಬರೀಲಿಲ್ಲಕ್ಕಾ."

"ಯಾಕೆ?"

"ಜಗಳದ ಮಾತು ಬೇಡ ಅನ್ನಿಸ್ತು. ಹಾಗೇ ಅದೂ ಹೋಯ್ತು."

ಅಕ್ಕ ದಾರವನ್ನು ಹಲ್ಲಲ್ಲಿ ಕಡಿದಳು. "ಜಗಳ ಆಡಿದ್ದು ನಾನು, ನಾಚಿಕೆ ಪಟ್ಕೊಳ್ಳೋದು ನೀನು. ಒಳ್ಳೇ ಕಾರುಬಾರು ನಿಂದು. ಈಗ ಬರಿ. ಕತ್ತರಿ ಕುಕ್ಕಿದ್ದನ್ನೂ ಬರಿ ಬೇಕಾದ್ರೆ."

ಕತ್ತರಿ ಬರೆಯಲಿಲ್ಲ, ಉಳಿದದ್ದು ಬರೆದಳು. ಮಧ್ಯಾಹ್ನದೊಳಗೆ ಸಲಹೆಗಾರರ ಉತ್ತರ: "ತಿಳಿಸಿದ್ದು ಒಳ್ಳೆಯದಾಯಿತು. ಅಂಗಡಿಯದ್ದನ್ನಷ್ಟೇ ಹಾಕಿದ್ದರೆ ಸಂಬಳ ಬಿಟ್ಟುಹೋಗಿ ಇಲಾಖೆಯಿಂದ ನೋಟಿಸು ಬರುತ್ತಿತ್ತು, ಕಡಿತವಾದ ತೆರಿಗೆಯೂ ನಿಮಗೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎರಡೂ ಆದಾಯ ಒಂದೇ ರಿಟರ್ನಿನಲ್ಲಿ ಬರಬೇಕು. ಫ್ಯಾಕ್ಟರಿಯಿಂದ ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ ತನ್ನಿ. ಕೆಲಸ ಬಿಟ್ಟವರಿಗೂ ಅದನ್ನು ಕೊಡಬೇಕು. ಬಿಟ್ಟ ಕಾರಣ ನಮಗೂ ಬೇಕಿಲ್ಲ, ಇಲಾಖೆಗೂ ಬೇಕಿಲ್ಲ."

ಕೊನೆಯ ಸಾಲನ್ನು ಅಕ್ಕ ಎರಡು ಸಲ ಓದಿಸಿಕೊಂಡಳು. "ನೋಡು, ಯಾರಿಗೂ ಬೇಡವಂತೆ. ನಮ್ಮನೆಯವರಿಗೆ ಮಾತ್ರ ಬೇಕು."

"ನಾನು ಫೋನ್ ಮಾಡಿ ಕೇಳ್ಲಾ ಅಕ್ಕಾ?"

"ಫೋನಲ್ಲಿ ಕೇಳಿದ್ರೆ ನಾಳೆ ಬಾ ನಾಡಿದ್ದು ಬಾ ಅಂತಾರೆ. ಎದುರಿಗೆ ಹೋಗಿ ನಿಂತ್ರೆ ಕೊಡ್ತಾರೆ."

"ಆ ಮೇಲ್ವಿಚಾರಕ ಸಿಕ್ಕಿದ್ರೆ?"

"ಸಿಗ್ಲಿ. ಚೆನ್ನಾಗಿದೀಯಾ ಅಂತ ಕೇಳ್ತೀನಿ. ನೀನೂ ಬಾ, ಅರ್ಜಿ ಬರೆಯೋಕೆ. ಈ ಸಲ ಪೂರ್ತಿ ಬರಿ."

ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರ ಪರಿಚಯದ ನಗೆ ನಕ್ಕ. ಲೆಕ್ಕದ ವಿಭಾಗಕ್ಕೆ ಫೋನ್ ಹಚ್ಚಿ, "ಯಾರಂತ ಹೇಳ್ಲಮ್ಮ?" ಅಂತ ಕೇಳಿದ.

ಅಕ್ಕ ಉತ್ತರಿಸುವ ಮೊದಲೇ ಕಿರಿಯವಳು, "ಜಗಳ ಆಡಿ ಬಿಟ್ಟುಹೋದರಲ್ಲ, ಅವರು ಅಂತ ಹೇಳಿ. ಸಂಬಳದ ಪ್ರಮಾಣಪತ್ರ ಬೇಕಿತ್ತು," ಅಂದಳು.

ಅವನು ಹಾಗೆಯೇ ಹೇಳಿದ. ಆ ಕಡೆಯ ಮಾತು ಕೇಳಿ ಫೋನಿಟ್ಟು, ಪಕ್ಕದ ಚಿಕ್ಕ ಬಾಗಿಲಿನ ಚಿಲಕ ತೆಗೆದ.