ಕಾಣದ ಕಿಡಿಗಳು

"ಕಿಡಿ ಎಲ್ಲಮ್ಮಾ? ಇನ್ನೂ ಹಾಕೇ ಇಲ್ವಲ್ಲ!"

ಫೋನಿಗೆ ಬಂದ ಸಂದೇಶ ಓದಿ ಯಾಸ್ನಾಗೆ ಮೈ ಉರಿದುಹೋಯಿತು. ಚಿತ್ರದಲ್ಲಿ ಕಿಡಿ ಹಾಕಿ ಹಾಕಿ ಅವಳ ಬೆರಳು ಮರಗಟ್ಟಿದ್ದವು. ದೋನ್ ಎವರಿಸ್ತೋ ಕೇಳಿದಾಗಲೆಲ್ಲ ಇನ್ನಷ್ಟು ಸೇರಿಸಿ ಕಳಿಸಿದ್ದಳು. ಪ್ರತಿ ಸಲವೂ ಬಂದ ಉತ್ತರ ಇದೇ.

ಕೆಲಸ ಒಪ್ಪಿಕೊಂಡಾಗ ಇದು ಇಷ್ಟು ಕಾಡುತ್ತದೆಂದು ಅವಳಿಗೆ ಅನ್ನಿಸಿರಲಿಲ್ಲ. ವಾಲ್ಪರೈಸೊ ಊರಿನ ತೋರ್ತೊಲಾಸ್ ಗುಡ್ಡಕ್ಕೆ ಹಿಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದು, ಮೇಲಿನ ಸಾಲಿನ ಮನೆಗಳೆಲ್ಲ ಸುಟ್ಟುಹೋಗಿದ್ದವು. ಮರುದಿನವೇ ಗುಡ್ಡದವರು ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಹಂಡೆ ಇಟ್ಟು ಎಲ್ಲರಿಗೂ ಒಟ್ಟಿಗೆ ಹುರುಳಿಕಾಯಿ ಬೀಜದ ಸಾರು ಬೇಯಿಸಿದ್ದರು. ಈಗ ಹೊಸದಾಗಿ ಕಟ್ಟಿದ ನೆರೆಹೊರೆಯ ಸಂಘದ ಮನೆಗೆ ಒಂದು ಚಿತ್ರ ಬೇಕು, ಕ್ಯಾನ್ವಾಸಿನ ಮೇಲೆ ಮುದ್ರಿಸಿ ಗೋಡೆಯುದ್ದಕ್ಕೂ ಹಾಕಬೇಕು ಎಂದು ಸಂಘದ ಅಧ್ಯಕ್ಷ, ಎಲ್ಲರೂ ಗೌರವಕ್ಕೆ 'ದೋನ್' ಸೇರಿಸಿ ಕರೆಯುವ ಎವರಿಸ್ತೋ ಕೇಳಿದ್ದರು. ಎಡಕ್ಕೆ ಬೆಂಕಿಯ ಸಂಜೆ, ಬಲಕ್ಕೆ ಮರುದಿನದ ಹಂಡೆ. ಯಾಸ್ನಾ ಮಕ್ಕಳ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವಳು. ಕೆಳಗೆ ಬಂದರಿನ ಹತ್ತಿರ ಅವಳ ಬಾಡಿಗೆ ಕೋಣೆ. ಗುಡ್ಡದ ಬೆಂಕಿಯನ್ನು ಅವಳು ನೋಡಿದ್ದು ಟೀವಿಯಲ್ಲಿ ಮಾತ್ರ.

ಹೊಗೆಗೇ ಎಷ್ಟು ಹೆಣಗಿದ್ದಳು! ಮೊದಲು ಬರೆದದ್ದು ಹತ್ತಿಯ ಉಂಡೆಗಳಂತೆ ಕಂಡಿತು. ಅಳಿಸಿದಳು. ಮೆತ್ತನೆ ಅಂಚಿನ ದೊಡ್ಡ ಬ್ರಷ್ ಹಿಡಿದು, ಬಣ್ಣ ಇಳಿಯುವುದೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ಒಂದರ ಮೇಲೊಂದು ಪದರ ಹಾಯಿಸಿದಳು. ಕೆಲವು ಪದರ ಮನೆಗಳ ಹಿಂದೆ, ಕೆಲವು ಮುಂದೆ. ಆಮೇಲೆ ಅದೇ ಮೆತ್ತನೆಯ ಬ್ರಷ್ಷಿನಿಂದಲೇ ಅಲ್ಲಲ್ಲಿ ಅಳಿಸಿ ಹೊಗೆಯನ್ನು ಹರಿದುಬಿಟ್ಟಳು. ಆಗ ಅದು ಕದಲಿತು. ಹಂಡೆಯ ಆವಿ ಬೇರೆಯದೇ ತಕರಾರು ತೆಗೆಯಿತು. ಬೆಳಗಿನ ಬಿಳಿ ಆಕಾಶದ ಎದುರು ಬಿಳಿ ಆವಿ ಕಾಣುವುದಾದರೂ ಹೇಗೆ? ಹಂಡೆಯ ಹಿಂದೆ ಒಂದು ಸುಟ್ಟ ಗೋಡೆ ನಿಲ್ಲಿಸಿದ ಮೇಲೆ ಆವಿಗೆ ಜೀವ ಬಂತು. ಬುಡದಲ್ಲಿ ದಟ್ಟವಾಗಿ, ಒಂದು ಮೊಳ ಏರುವಷ್ಟರಲ್ಲಿ ಇಲ್ಲವಾಗುವಂತೆ ಬಿಟ್ಟಳು. ಹೊಗೆಯಂತೆ ಆವಿ ಊರು ಸುತ್ತುವುದಿಲ್ಲವಲ್ಲ.

ಅಷ್ಟೆಲ್ಲ ಆದ ಮೇಲೆ ಈ ಮನುಷ್ಯನಿಗೆ ಕಿಡಿಯದೇ ಚಿಂತೆ.

ಅವಳು ಫೋನ್ ಮಾಡಿದಳು. "ದೋನ್ ಎವರಿಸ್ತೋ, ಕಣ್ಣು ಬಿಟ್ಟು ನೋಡಿದ್ರಾ? ಎಡಗಡೆ ಇಡೀ ಕಿಡಿನೇ ತುಂಬ್ಕೊಂಡಿದೆ!"

"ನಂಗೆ ಕಾಣಿಸ್ತಿರೋದು ಕಪ್ಪು. ಮಸಿ ಚೆಲ್ಲಿದ ಹಾಗೆ."

"ಕನ್ನಡಕ ಹಾಕ್ಕೊಳ್ಳಿ."

"ಹಾಕ್ಕೊಂಡೇ ನೋಡ್ದೆ ಮಗಳೇ. ನಿಂಗೆ ಬಿಡಿಸೋಕೆ ಮನಸ್ಸಿಲ್ಲ ಅಂದ್ರೆ ಹೇಳ್ಬಿಡು, ನಾನೇನು ಅಳಲ್ಲ."

ಫೋನ್ ಇಟ್ಟವಳೇ ಕುರ್ಚಿಗೆ ಒದ್ದಳು. ಕಾಲ್ಬೆರಳು ನೋಯಿತು. ಇನ್ನು ಮುಖಾಮುಖಿಯೇ ಆಗಲಿ ಎಂದು ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿಕೊಂಡು ಗುಡ್ಡದ ಮೆಟ್ಟಿಲು ಹತ್ತಿದಳು.

ಎವರಿಸ್ತೋ ತಮ್ಮ ಮನೆಯ ಮುಂದೆ, ಸುಡು ಬಿಸಿಲಿನಲ್ಲಿ, ತಗಡಿಗೆ ಮೊಳೆ ಹೊಡೆಯುತ್ತಿದ್ದರು. ಅರವತ್ತು ದಾಟಿದ, ಬಂದರಿನಲ್ಲಿ ಮೂಟೆ ಹೊತ್ತು ಭುಜ ಅಗಲವಾಗಿದ್ದ ಮನುಷ್ಯ. ಸುತ್ತಿಗೆ ಕೆಳಗಿಟ್ಟು, ಚಿತ್ರ ತೆರೆದ ಫೋನನ್ನು ಅವಳ ಕೈಗಿಟ್ಟರು.

ಯಾಸ್ನಾ ನೋಡಿದಳು. ಫೋನನ್ನು ಅತ್ತ ಇತ್ತ ತಿರುಗಿಸಿದಳು. ಅಂಗೈ ಅಡ್ಡ ಹಿಡಿದು ನೋಡಿದಳು. ಕಪ್ಪು. ಒಂದೇ ಒಂದು ಕಿಡಿಯೂ ಇರಲಿಲ್ಲ.

ಅವಳಿಗೆ ತಕ್ಷಣ ಹೊಳೆಯಿತು, ಹೊಳೆದದ್ದೇ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಿಡಿಗಳನ್ನೆಲ್ಲ ಅವಳು ಓವರ್‌ಲೇ ಪದರದಲ್ಲಿ ಬರೆದಿದ್ದಳು. ಆ ಪದರ ಕೆಳಗಿರುವ ಬಣ್ಣವನ್ನು ಹಿಡಿದುಕೊಂಡೇ ಬೆಳಗುವಂಥದ್ದು. ಗೋಡೆಯ ಮೇಲೆ, ಮುಖಗಳ ಮೇಲೆ ಕೆಂಪು ಹೊಳಪು ಬೀಳಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೆಳಗೆ ಅಚ್ಚ ಕಪ್ಪಿದ್ದರೆ ಎಂಥ ಕಿತ್ತಳೆ ಬಣ್ಣವನ್ನೂ ಅದು ನುಂಗಿಬಿಡುತ್ತದೆ. ಅವಳ ಗುಡ್ಡದ ಕಪ್ಪು ಹೆಚ್ಚುಕಡಿಮೆ ಅಚ್ಚ ಕಪ್ಪೇ. ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ, ಬೆಳಕು ಪೂರಾ ಏರಿಸಿದ ದೊಡ್ಡ ಕಂಪ್ಯೂಟರ್ ಪರದೆಯ ಮುಂದೆ ಕೂತವಳಿಗೆ ಮಾತ್ರ ಆ ಮಬ್ಬು ಕಿಡಿಗಳು ಕಂಡಿದ್ದವು. ಮುದ್ರಿಸಿದ್ದರೂ ಕಪ್ಪೇ ಬರುತ್ತಿತ್ತು.

"ತಪ್ಪು ನಂದೇ," ಎಂದಳು, ಹಲ್ಲು ಕಚ್ಚಿಕೊಂಡು.

"ನಂಗೇನೂ ಕಣ್ಣು ಹೋಗಿಲ್ಲ ತಾನೇ?"

"ಇಲ್ಲ. ಭಾನುವಾರ ಸಭೆ ಇದೆಯಲ್ಲ, ಅಲ್ಲಿಗೇ ಸರಿ ಮಾಡಿ ತರ್ತೀನಿ."

ಮನೆಗೆ ಬಂದು ಗುಡ್ಡದ ಕಪ್ಪನ್ನು ಎತ್ತಿ ಕಂದು ಮಿಶ್ರಿತ ನೀಲಿಗೆ ತಂದಳು. ಓವರ್‌ಲೇಯನ್ನು ಹೊಳಪಿಗೆ ಮಾತ್ರ ಉಳಿಸಿಕೊಂಡು, ಕಿಡಿಗಳನ್ನು ಕತ್ತಲಲ್ಲೂ ಬೆಳಕು ಕೂಡಿಸುವ ಬೇರೆ ಬಗೆಯ ಪದರಕ್ಕೆ ಬದಲಿಸಿದಳು. ಪ್ರತಿ ಕಿಡಿಗೂ ನಡುವೆ ಹಳದಿಯ ಚುಕ್ಕಿ, ಸುತ್ತ ಮೆತ್ತನೆಯ ಕೆಂಪು. ಹತ್ತಿರದವು ದೊಡ್ಡವು, ಕದಡಿದಂತೆ, ದೂರದವು ಸೂಜಿಮೊನೆಯಷ್ಟು. ಹಳೆಯ ಫೋಟೊ ನೋಡಿ ಚಿತ್ರದ ಕೆಳಭಾಗದಲ್ಲಿ ಬರೆದಿದ್ದ ನೀಲಿ ತಗಡಿನ ಮನೆಯ ಹಿಂದಿನಿಂದ ಎದ್ದು, ಸುಳಿ ತಿರುಗಿ ಆಕಾಶಕ್ಕೆ ಏರುವ ಕಿಡಿಗಳು. ಹಿತ್ತಲ ಒಲೆಯಿಂದ ಕಿಡಿ ಏರುವುದನ್ನು ಯಾರು ನೋಡಿಲ್ಲ? ಈ ಸಲ ತನ್ನ ಕೆಲಸದ ಮೇಲೆ ಅವಳಿಗೇ ಮೋಹ ಹುಟ್ಟಿತು. ಕಿಟಕಿಯ ಬಿಸಿಲಿಗೆ ಫೋನ್ ಹಿಡಿದು ನೋಡಿದಳು. ಧಗಧಗ ಎನ್ನುತ್ತಿತ್ತು.

ಭಾನುವಾರ ಸಂಜೆಯ ಚಹಾದ ಹೊತ್ತಿಗೆ ಸಂಘದ ಮನೆ ತುಂಬಿತ್ತು. ಮೇಜಿನ ಮೇಲೆ ಬಿಸಿ ಬ್ರೆಡ್ಡು, ಅರೆದ ಬೆಣ್ಣೆಹಣ್ಣು. ಬೆಂಕಿಯ ಮರುದಿನ ಹಂಡೆ ನೋಡಿಕೊಂಡಿದ್ದ ಹಿರಿಯ ಹೆಂಗಸು ದೋನ್ಯಾ ಸುನಿಲ್ದಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಯಾಸ್ನಾ ಲ್ಯಾಪ್‌ಟಾಪನ್ನು ಗೋಡೆಯ ಟೀವಿಗೆ ಜೋಡಿಸಿದಳು.

ಚಿತ್ರ ಮೂಡಿತು. "ಅಬ್ಬಾ" ಎಂದರು ಯಾರೋ.

ಆಮೇಲೆ ಒಬ್ಬೊಬ್ಬರೇ ಎವರಿಸ್ತೋ ಕಡೆ ತಿರುಗಿದರು. ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ಟ್ಯಾಕ್ಸಿ ಓಡಿಸುವ ನಿಬಾಲ್ದೋ ಗಂಟಲು ಸರಿಮಾಡಿಕೊಂಡ. "ಪರವಾಗಿಲ್ವೇ. ಇದ್ದದ್ದನ್ನ ಇದ್ದ ಹಾಗೇ ಬರ್ದಿದ್ದಾಳೆ ಹುಡುಗಿ. ಬೆಂಕಿ ಎಲ್ಲಿಂದ ಎದ್ದಿತು ಅಂತ ಈಗ ಗೋಡೆ ಮೇಲೇ ಬಂತು."

ಯಾರೋ ಕಿಸಕ್ಕೆಂದು ನಕ್ಕರು. ಎವರಿಸ್ತೋ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು.

"ಏನಾಯ್ತು? ನಾನೇನು ಮಾಡ್ದೆ?" ಯಾಸ್ನಾ ಸುನಿಲ್ದಾ ಕಡೆ ತಿರುಗಿದಳು.

"ಆ ನೀಲಿ ತಗಡಿನ ಮನೆ ಯಾರ್ದು ಅಂದ್ಕೊಂಡೆ? ಎವರಿಸ್ತೋ ಅವ್ರದೇ ಕಣೇ, ಸುಟ್ಟುಹೋದ ಹಳೇದು. ಆವತ್ತು ಅವ್ರು ಹಿತ್ತಲಲ್ಲಿ ಮಾಂಸ ಸುಡ್ತಿದ್ರು. ಅಲ್ಲಿಂದ್ಲೇ ಬೆಂಕಿ ಹತ್ತಿತು ಅಂತ ಕೆಲವರ ಬಾಯಲ್ಲಿ ಒಂದು ವರ್ಷದಿಂದ ಇದೇ ಮಾತು."

ಯಾಸ್ನಾ ಟೀವಿಯತ್ತ ನೋಡಿದಳು. ಕಿಡಿಗಳೆಲ್ಲ ಎದ್ದಿದ್ದು ಸರಿಯಾಗಿ ನೀಲಿ ತಗಡಿನ ಮನೆಯ ಹಿತ್ತಲಿನಿಂದಲೇ. ಚಿತ್ರದ ತೂಕಕ್ಕೆ ಅಲ್ಲಿ ಸರಿಹೋಗುತ್ತದೆಂದು ಇಟ್ಟಿದ್ದಳು, ಬೇರೆ ಕಾರಣವೇ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದ ಎವರಿಸ್ತೋ ಅವಳು ಬಂದರೂ ತಲೆ ಎತ್ತಲಿಲ್ಲ.

"ಯಾಕೆ ಹೇಳ್ಲಿಲ್ಲ ನಂಗೆ? ಕಿಡಿ ಹಾಕು, ಇನ್ನೂ ಹಾಕು, ಅಷ್ಟೇ ತಾನೇ ನೀವು ಅಂದಿದ್ದು? ಎಲ್ಲಿಂದ ಎಲ್ಲಿಗೆ ಅಂತ ಒಂದು ಮಾತು ಹೇಳಬಾರದಿತ್ತಾ?" ಅವಳ ದನಿ ಏರಿತು. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ನುಗ್ಗಿತ್ತು, ಯಾರ ಮೇಲೆ ಎಂದು ಅವಳಿಗೇ ತಿಳಿಯದು.

"ಅದನ್ನ ಬಾಯಿಬಿಟ್ಟು ಕೇಳೋಕಾಗುತ್ತಾ? ನನ್ನ ನಿರ್ದೋಷಿ ಮಾಡಿ ಬರಿ ತಾಯಿ ಅಂತ?" ಎವರಿಸ್ತೋ ಅಂಗೈ ನೋಡಿಕೊಂಡರು. "ಕಿಡಿ ಗುಡ್ಡದ ನೆತ್ತಿಯಿಂದ ಬಂದಿದ್ದನ್ನ ಎಷ್ಟೋ ಜನ ನೋಡಿದ್ದಾರೆ. ನೀನೂ ಹಾಗೇ ಬರೀತೀಯ ಅಂದ್ಕೊಂಡೆ. ಗೋಡೆ ಮೇಲೆ ದಿನಾ ನೋಡ್ತಾ ನೋಡ್ತಾ ಜನರ ಬಾಯಿ ಮುಚ್ಚುತ್ತೆ ಅಂತ ಆಸೆ."

"ನಾನು ನೋಡಿಲ್ವಲ್ಲ ದೋನ್ ಎವರಿಸ್ತೋ. ನಾನು ಇಲ್ಲಿರಲೇ ಇಲ್ಲ."

ಒಳಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಕಿಡಿಗಳ ಪದರವನ್ನು ಹಿಡಿದು ತಲೆಕೆಳಗು ಮಾಡಿದರೆ ಆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಿಡಿಗಳು ಗುಡ್ಡದ ನೆತ್ತಿಯಿಂದ ಇಳಿಯುತ್ತವೆ. ಅಷ್ಟು ಸುಲಭ ಎನ್ನುವುದೇ ಅವಳಿಗೆ ಅಸಹ್ಯವಾಯಿತು. ಕೈ ಹಿಂದೆಗೆದಳು. ಇಡೀ ಪದರವನ್ನೇ ಮರೆಮಾಡಿದಳು. ಟೀವಿಯಲ್ಲಿ ಹೊಗೆ ಮಾತ್ರ ಉಳಿಯಿತು.

"ಆವತ್ತು ಸಂಜೆ ಕಣ್ಣಾರೆ ನೋಡಿದವರು ಬನ್ನಿ," ಎಂದಳು ಜೋರಾಗಿ. "ಇಲ್ಲಿ ಬೆರಳಿಟ್ಟು ತೋರ್ಸಿ. ಕಿಡಿ ಎಲ್ಲಿಂದ ಬಂತು, ಹೇಗೆ ಬಂತು. ನೋಡದೇ ಇರೋರು ಚಹಾ ಕುಡೀರಿ."

ಮೊದಲು ಯಾರೂ ಏಳಲಿಲ್ಲ. ಆಮೇಲೆ ಸುನಿಲ್ದಾ ಮೊಣಕಾಲು ಹಿಡಿದುಕೊಂಡು ಎದ್ದರು. ಟೀವಿಯ ಮೇಲ್ತುದಿಗೆ, ನೀಲಗಿರಿ ಮರಗಳ ನೆತ್ತಿಗೆ ಬೆರಳಿಟ್ಟು ಓರೆಯಾಗಿ ಕೆಳಗೆ ಎಳೆದರು. "ಇಲ್ಲಿಂದ. ದಕ್ಷಿಣದ ಗಾಳಿ ಹಾಗಿತ್ತು, ನಿಂತವರನ್ನ ಬೀಳಿಸೋ ಹಾಗೆ. ಕಿಡಿ ಮೇಲಕ್ಕೆ ಹೋಗ್ಲೇ ಇಲ್ಲಮ್ಮ. ಅಡ್ಡಕ್ಕೆ ಹೊಡೀತಿತ್ತು, ಕಲ್ಲು ತೂರಿದ ಹಾಗೆ. ನಾನು ಒಣಗೋಕೆ ಹಾಕಿದ್ದ ಬಟ್ಟೆ ಮೊದಲು ಹತ್ತಿದ್ದು, ಆಮೇಲೆ ಎವರಿಸ್ತೋ ಅವರ ಚಾವಣಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಜ್ಜಿ?" ಎಂದ ನಿಬಾಲ್ದೋ.

"ನೀನು ಯಾವತ್ತು ಕೇಳ್ದೆ? ನೀನು ಹೇಳೋದ್ರಲ್ಲೇ ಇದ್ದೆ."

ಒಬ್ಬೊಬ್ಬರೇ ಎದ್ದು ಬಂದರು. ಒಬ್ಬರ ಬೆರಳು ನೆತ್ತಿಯಿಂದ ಕಣಿವೆಗೆ, ಇನ್ನೊಬ್ಬರದು ನೆತ್ತಿಯಿಂದ ಶಾಲೆಗೆ. ಒಬ್ಬ ಹೆಂಗಸು, ತನಗೆ ಹೊಗೆ ಬಿಟ್ಟು ಬೇರೇನೂ ಕಂಡಿರಲಿಲ್ಲವೆಂದು ಹೇಳಿ ಹಾಗೇ ಹೋಗಿ ಕೂತಳು. ಯಾಸ್ನಾ ಅವರ ಎದುರಿಗೇ ಬರೆದಳು. ದುಂಡು ಚುಕ್ಕಿಗಳು ಈಗ ಗಾಳಿ ಎಳೆದ ಗೀರುಗಳಾದವು. ಹೊಗೆಯನ್ನೂ ಬಿಡುವಂತಿರಲಿಲ್ಲ. ಅಷ್ಟು ಹೆಣಗಿ ಎಬ್ಬಿಸಿದ ಕಂಬಗಳನ್ನು ಅಳಿಸಿ, ಅದೇ ಗಾಳಿಯ ದಿಕ್ಕಿಗೆ ನೆಲಕ್ಕೆ ಅಮರಿಕೊಂಡಂತೆ ಮಲಗಿಸಬೇಕಾಯಿತು. ಗೋಡೆಗಳ ಕೆಂಪು ಹೊಳಪು ಕೂಡ ತಪ್ಪು ಬದಿಗೆ ಬಿದ್ದಿತ್ತು. ಅದನ್ನೂ ಅಳಿಸಿದಳು. ಮೋಹ ಹುಟ್ಟಿಸಿದ್ದೆಲ್ಲ ಸುಳ್ಳಾಗಿತ್ತು, ಹೊಸದು ಅಷ್ಟು ಚಂದವೂ ಬರಲಿಲ್ಲ. ಗೀಚಿದ ಹಾಗಿತ್ತು.

"ಹಿಂಗೇ ಇತ್ತು," ಎಂದರು ಸುನಿಲ್ದಾ. ಕಣ್ಣು ಒರೆಸಿಕೊಂಡು, ಟೀವಿಗೆ ಬೆನ್ನು ಮಾಡಿ ಕೂತರು.

ಕ್ಯಾನ್ವಾಸು ಮುದ್ರಣವಾಗಿ ಬಂದ ದಿನ ಯಾಸ್ನಾ ಹತ್ತಿರ ಹೋಗಿ ಮೂಗು ತಾಗುವಂತೆ ಪರೀಕ್ಷಿಸಿದಳು. ಪರದೆಯ ಹೊಳಪು ಮುದ್ರಣದಲ್ಲಿ ಬರುವುದಿಲ್ಲವೆಂದು ಗೊತ್ತಿದ್ದರೂ ಬೇಸರವಾಯಿತು. ಕಿತ್ತಳೆ ಬಣ್ಣ ಇಟ್ಟಿಗೆಯ ಕಡೆಗೆ ವಾಲಿತ್ತು. ಆದರೂ ಕಿಡಿಗಳು ಬಾಗಿಲಿನಿಂದಲೇ ಕಾಣುತ್ತಿದ್ದವು.

ನಿಬಾಲ್ದೋ ಏಣಿ ಹಿಡಿಯಲು ಬಂದಿದ್ದ. ಕ್ಯಾನ್ವಾಸು ಗೋಡೆಗೇರಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಚಿತ್ರ ತಾನೇ," ಎಂದ. "ಏನು ಬೇಕಾದ್ರೂ ಹಾಕ್ಬಹುದು."

ಅವಳಿಗೆ ಅವನನ್ನು ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಆದರೆ ಏಣಿ ಮಡಚತೊಡಗಿದಳು. ಅವನ ಮಾತು ಎಷ್ಟು ನಿಜ ಎನ್ನುವುದು ಆ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಎವರಿಸ್ತೋ ಕುರ್ಚಿಯೊಂದನ್ನು ಎಳೆದುಕೊಂಡು ಚಿತ್ರದ ಎಡತುದಿಯ ಎದುರು ಕೂತು, ನೆತ್ತಿಯ ಮರಗಳಿಂದ ತಮ್ಮ ನೀಲಿ ತಗಡಿನವರೆಗೆ ಒಂದೊಂದೇ ಕಿಡಿಯನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತ, ಊಟಕ್ಕೆ ಕರೆಯುವವರೆಗೂ ಅಲ್ಲೇ ಇದ್ದರು.