ಹೃಷಿಯ ಮಾತು ಕೇಳುವ ಯಂತ್ರ

ಸೇಲಂನ ನೂಲು ಸೊಸೈಟಿಯಲ್ಲಿ ಮುಂಬೈ ಮಿಲ್ಲುಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕುರ್ಚಿ ಕಮಲಿನಿಯದು. ಆ ಇಂಗ್ಲಿಷಿಗೆ ಮಿಲ್ಲುಗಳು ಹೆದರುತ್ತಿದ್ದವು. ಸಕ್ಕರೆ ಕಾಯಿಲೆ ಮಾತ್ರ ಹೆದರಲಿಲ್ಲ. ಮೊದಲು ಕಣ್ಣಿನ ನಡುವಿನ ನೋಟವನ್ನು ತೆಗೆದುಕೊಂಡಿತು, ಆಮೇಲೆ ಬೆರಳ ತುದಿಯ ಸ್ಪರ್ಶವನ್ನು. ಟೈಪಿಂಗಿನಲ್ಲಿ ಹೈಯರ್ ಪರೀಕ್ಷೆ ಪಾಸಾದ ಬೆರಳುಗಳು ಈಗ ಯಾವ ಅಕ್ಷರದ ಮೇಲಿವೆ ಎಂದು ಅವಕ್ಕೇ ತಿಳಿಯುತ್ತಿರಲಿಲ್ಲ.

ಸೊಸೈಟಿಯ ಸೆಕ್ರೆಟರಿ ವೆಂಕಟಾಚಲಂ ಒಂದು ಅವಕಾಶ ಕೊಟ್ಟರು. "ಸೋಮವಾರ ನನ್ನ ಮುಂದೆ ಒಂದು ಲೆಟರ್ ನೀವೇ ಮಾಡಿ, ನೀವೇ ಓದಿ ಹೇಳ್ಬೇಕು. ಮಾಡಿದ್ರೆ ಸೀಟು ನಿಮ್ದೆ. ಇಲ್ದಿದ್ರೆ ಗೋಡೌನ್ ಬಾಗ್ಲಲ್ಲಿ ಕೂತ್ಕೊಂಡು ಟೋಕನ್ ಕೊಡಿ, ಎನ್ನ?"

ಐದು ರಸ್ತೆ ಸರ್ಕಲ್ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಹೃಷೀಕೇಶ ಅವಳ ಬೀದಿಯವನೇ. ಸೊಸೈಟಿಯಲ್ಲಿದ್ದ ವಿಂಡೋಸ್ ತೊಂಬತ್ತೆಂಟರ ಒಂದು ಹಳೆಯ ಕಂಪ್ಯೂಟರ್ ಡಬ್ಬಕ್ಕೆ ಎರಡು ತಂತ್ರಾಂಶ ಹಾಕಿಕೊಟ್ಟ: ಪರದೆಯಲ್ಲಿರುವುದನ್ನು ಓದಿ ಹೇಳುವುದೊಂದು, ಹೇಳಿದ್ದನ್ನು ಬರೆದುಕೊಳ್ಳುವುದೊಂದು. ಹಿನ್ನೆಲೆ ಕಪ್ಪು, ಅಕ್ಷರ ದಪ್ಪ ಬಿಳಿ.

"ಇದು ಅಮೆರಿಕಾದೋನು ಓಡಿ ಓಗೋ ಅಂಗೆ ಓದ್ತೈತಲ್ಲೋ," ಎಂದಳು ಕಮಲಿನಿ, ಹೆಡ್‌ಫೋನು ಕಿವಿಗೆ ಒತ್ತಿಕೊಂಡು.

"ಇರಿ ಅಕ್ಕಾ, ಸ್ಪೀಡ್ ಇಳಿಸ್ತೀನಿ." ವೇಗ ಇಳಿಸಿದ. ಒಂದೊಂದು ಅಕ್ಷರವನ್ನೂ ಕೂಗುವುದನ್ನು ನಿಲ್ಲಿಸಿ, ಪದ ಮುಗಿದಾಗ ಮಾತ್ರ ಹೇಳುವಂತೆ ಮಾಡಿದ. ಸ್ಪೀಕರ್ ಕಿತ್ತಿಟ್ಟ. "ಸ್ಪೀಕರ್ ಇದ್ರೆ ಇದು ಮಾತಾಡಿದ್ದು ಮೈಕಿಗೆ ಕೇಳಿ, ಅದನ್ನೂ ಬರ್ಕೊಂಡ್ಬಿಡ್ತೈತೆ."

"ನಮ್ಮ ಸೆಕ್ರೆಟರಿ ಅಂಗೆ. ಅವರು ಹೇಳಿದ್ದಕ್ಕೆ ಅವರೇ ತಲೆ ಆಡಿಸ್ತಾರೆ."

ಕೀಬೋರ್ಡಿನ ಕೆಳಮುಖ ಬಾಣದ ಕೀಲಿಗೆ ಅವನು ಒಂದು ಹುಣಸೆ ಬೀಜ ಅಂಟಿಸಿದ. ಸತ್ತ ಬೆರಳಿಗೂ ಆ ಉಬ್ಬು ತಿಳಿಯಿತು. ಒತ್ತಿದರೆ ಮುಂದಿನ ಸಾಲು ಕಿವಿಯಲ್ಲಿ. ಬಹಳ ದಿನಗಳ ನಂತರ ಕಮಲಿನಿ ತನ್ನದೇ ಹಳೆಯ ಕಾಗದವೊಂದನ್ನು ಕೊನೆಯವರೆಗೆ ಕೇಳಿ, ತಪ್ಪಾಗಿ ಬಿದ್ದಿದ್ದ ಒಂದು ಅಲ್ಪವಿರಾಮಕ್ಕೆ ಬೇಸರಪಟ್ಟಳು.

ಉಳಿದದ್ದು ಬರೆದುಕೊಳ್ಳುವ ತಂತ್ರಾಂಶಕ್ಕೆ ಮೈಕಿನ ತರಬೇತಿ. ಬಳಸುವವರ ಹೆಸರು ಕೊಟ್ಟರೆ ಪರದೆಯ ಮೇಲೆ ಒಂದು ಪಾಠ ಬರುತ್ತದೆ, ಅದನ್ನು ಗಟ್ಟಿಯಾಗಿ ಓದಬೇಕು. ಕಮಲಿನಿಗೆ ಅದು ಬಿಳಿ ಹೊಗೆಯಾಗಿ ಕಂಡಿತು. ಓದಿ ಹೇಳುವ ತಂತ್ರಾಂಶವೂ ಪರದೆಯ ಆ ಕಿಟಕಿಯಲ್ಲಿ ಮೂಕವಾಯಿತು.

"ನೀವು ಮನೆಗೆ ಓಗಿ ಅಕ್ಕಾ," ಎಂದ ಹೃಷೀಕೇಶ. "ಇಂಗ್ಲಿಷ್ ಕಲಿಸೋದು ತಾನೆ? ನಾನೇ ಓದ್ಬಿಡ್ತೀನಿ."

ಅವಳ ಹೆಸರಿನ ಕೆಳಗೆ, ಅವನ ಗಂಟಲಿನಲ್ಲಿ, ಪಾಠ ಪೂರ್ತಿ ಮುಗಿಯಿತು. ಪರೀಕ್ಷಿಸಿದ, ಅವನು ಹೇಳಿದ್ದನ್ನು ಯಂತ್ರ ಚೆನ್ನಾಗಿ ಬರೆಯಿತು. ಕನ್ನಡದಲ್ಲಿ ಬೈದು, ತಮಿಳಿನಲ್ಲಿ ವ್ಯಾಪಾರ ಮಾಡಿ, ಇಂಗ್ಲಿಷಿನಲ್ಲಿ ಕಾಗದ ಬರೆಯುವ ಊರಿನಲ್ಲಿ, ಒಂದು ಯಂತ್ರ ಒಬ್ಬನ ದನಿಗೆ ಮಾತ್ರ ಪಳಗುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಸೋಮವಾರ ಸೆಕ್ರೆಟರಿ ಬಂದು ಪರದೆಯ ಎದುರು ಕುಳಿತರು, ಹೃಷೀಕೇಶ ಪಕ್ಕದಲ್ಲಿ ನಿಂತಿದ್ದ. ಕಮಲಿನಿ ಮೈಕು ಸರಿಪಡಿಸಿಕೊಂಡು, ಸ್ಪಷ್ಟವಾಗಿ, ಮಿಲ್ಲುಗಳು ಹೆದರುವ ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿ, ಹುಣಸೆ ಬೀಜ ಒತ್ತಿದಳು.

ಓದುವ ತಂತ್ರಾಂಶ ತನ್ನ ಕೆಲಸದಲ್ಲಿ ಒಂದಿಷ್ಟೂ ತಪ್ಪಲಿಲ್ಲ. ಬರೆದಿದ್ದದ್ದನ್ನು ಬರೆದಿದ್ದ ಹಾಗೆಯೇ, ನಿಧಾನವಾಗಿ, ಅವಳ ಕಿವಿಯಲ್ಲಿ ಓದಿತು. ನೂಲೂ ಇಲ್ಲ, ಮಿಲ್ಲೂ ಇಲ್ಲ, ತಲೆಬುಡವಿಲ್ಲದ ಪದಗಳ ರಾಶಿ. ಆ ಕೋಣೆಯಲ್ಲಿ ಮೊದಲು ತಿಳಿದದ್ದು ಅವಳಿಗೇ.

"ಎನ್ನ ಯಮ್ಮಾ ಇದು?" ಎಂದರು ಸೆಕ್ರೆಟರಿ.

"ಸಾರ್, ಒಂದ್ನಿಮಿಷ," ಎಂದು ಹೃಷೀಕೇಶ ಹೆಡ್‌ಸೆಟ್ ತೆಗೆದುಕೊಂಡು ಅದೇ ಮೂರು ವಾಕ್ಯ ಹೇಳಿದ. ಪರದೆಯ ಮೇಲೆ ಕಾಗದ ಮೂಡಿತು. ಅವನಿಗೆ ಆಗ ಅರ್ಥವಾಯಿತು, ಮುಖ ಕಪ್ಪಿಟ್ಟಿತು. "ತಪ್ಪು ನಂದು ಸಾರ್. ಅಕ್ಕನೇ ಓದ್ಬೇಕಿತ್ತು. ನಾನು ಕಿವೀಲಿ ಹೇಳ್ಕೊಡ್ತೀನಿ, ಅವ್ರು ಕೇಳ್ಕೊಂಡು ಅಂಗೇ ಓದ್ಲಿ. ಇನ್ನೊಂದಿನ ಕೊಡಿ."

"ಯಾತಕ್ಕಪ್ಪಾ? ಮಿಷಿನ್ ನೀನ್ ಹೇಳಿದ್ದು ಕೇಳ್ತೈತಲ್ಲ," ಎಂದರು ಸೆಕ್ರೆಟರಿ, ತಮ್ಮ ಜಾಣತನಕ್ಕೆ ತಾವೇ ಖುಷಿಯಾಗಿ. "ಸಾಯಂಕಾಲ ಬಂದು ನೀನೇ ಲೆಟರ್ ಮಾಡು. ಯಮ್ಮಾ ಗೋಡೌನಿಗೆ. ಮುಡಿಂಜದು, ಮುಗೀತು."

ಹೃಷೀಕೇಶ 'ಆಗಲ್ಲ' ಎನ್ನಲು ಬಾಯಿ ತೆರೆದ. ಅವನ ಸೆಂಟರಿಗೆ ಈ ವರ್ಷ ಹೊಸ ಹುಡುಗರು ಸೇರಿರಲಿಲ್ಲ. ಬಾಯಿ ಹಾಗೇ ಮುಚ್ಚಿಕೊಂಡಿತು. ಸೆಕ್ರೆಟರಿ ಕಾಫಿಗೆ ಹೊರಟರು.

"ಅಕ್ಕಾ..."

"ಓಗ್ಲಿ ಬಿಡೋ. ನಿಂಗೂ ಹೊಟ್ಟೆ ಐತಲ್ಲ."

ಅವಳು ಹೆಡ್‌ಸೆಟ್ ಮತ್ತೆ ಹಾಕಿಕೊಂಡಳು. ಗಂಟಲು ದಪ್ಪ ಮಾಡಿ, ಹೃಷಿ ಎಳೆಯುವ ಹಾಗೆಯೇ ಪದ ಎಳೆದು, ಹೊಸ ಕಾಗದ ತೆರೆಯುವ ಇಂಗ್ಲಿಷ್ ಆಜ್ಞೆ ಕೊಟ್ಟಳು. ಹೃಷೀಕೇಶನಿಗೆ ನಗು ಬಂದು ಅರ್ಧದಲ್ಲೇ ನಿಂತಿತು. ಹೊಸ ಕಾಗದ ತೆರೆದಿತ್ತು.

"ನಿನ್ನ ದನೀಲಿ ಕೇಳಿದ್ರೆ ಮರ್ಯಾದೆ ಕೊಡ್ತೈತೆ ನೋಡು," ಎಂದು ಅವಳು ಹುಣಸೆ ಬೀಜ ಹುಡುಕಿ ಒತ್ತಿದಳು.

"ಬ್ಲ್ಯಾಂಕ್," ಎಂದಿತು ಯಂತ್ರ ಅವಳ ಕಿವಿಯಲ್ಲಿ, ಅವಳೇ ಇಟ್ಟುಕೊಂಡಿದ್ದ ನಿಧಾನದ ವೇಗದಲ್ಲಿ.